ನಾಲ್ಕು ಬಿಟ್ ಸಂಖ್ಯೆಯ ಮೈನಸ್ ತೆಗೆಯುವ ಸರ್ಕ್ಯೂಟ್: ಎಕ್ಸಾರ್ ಗೇಟ್ ಮತ್ತು ಹಾಫ್ ಆ್ಯಡರ್‌ಗಳಿಂದ ಬ್ರೆಡ್‌ಬೋರ್ಡ್ ಮೇಲೆ

ಮಲ್ಪೆಯ ಧಕ್ಕೆಯಲ್ಲಿ ನೀರಿನ ಮಟ್ಟ ಅಳೆಯಲು ಒಂದು ಗುರುತು ಹಾಕಿದ್ದೀರಿ ಎಂದುಕೊಳ್ಳಿ. ನೀರು ಗುರುತಿನಿಂದ ಮೂರು ಗೀಟು ಮೇಲಿದ್ದರೆ +3, ಮೂರು ಗೀಟು ಕೆಳಗಿದ್ದರೆ -3. ಮೇಲೋ ಕೆಳಗೋ ಎಂಬುದು ಬೇಡ, ಎಷ್ಟು ಸರಿದಿದೆ ಎಂಬುದಷ್ಟೇ ಬೇಕು ಎಂದಾದರೆ ಎರಡಕ್ಕೂ ಉತ್ತರ 3. ಗಣಿತದಲ್ಲಿ ಇದು ನಿರಪೇಕ್ಷ ಮೌಲ್ಯ. ನಾಲ್ಕು ಬಿಟ್‌ಗಳ ಟೂಸ್ ಕಾಂಪ್ಲಿಮೆಂಟ್ ಸಂಖ್ಯೆಗೆ ಈ ಕೆಲಸವನ್ನು ಮೂರೇ ಚಿಪ್‌ಗಳಿಂದ ಮಾಡಿಸಬಹುದು. ಕದ್ರಿಯ ಪಾಲಿಟೆಕ್ನಿಕ್ ಇರಲಿ, ಸುರತ್ಕಲ್, ಮಣಿಪಾಲ, ನಿಟ್ಟೆಯ ಲ್ಯಾಬ್‌ಗಳಿರಲಿ, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿಯುವವರು ಎಕ್ಸಾರ್ ಗೇಟನ್ನೂ ಹಾಫ್ ಆ್ಯಡರನ್ನೂ ಹೇಗೂ ಬೇರೆ ಬೇರೆಯಾಗಿ ಕಟ್ಟಿರುತ್ತಾರೆ. ಇಲ್ಲಿ ಎರಡನ್ನೂ ಸೇರಿಸುತ್ತೇವೆ. ಕಟ್ಟಿದ ಮೇಲೆ ಉತ್ತರ ತಪ್ಪಿ ಬಂದರೆ, ಯಾವ ತಂತಿ ಕೈಕೊಟ್ಟಿದೆ ಎಂದು ಆ ತಪ್ಪು ಉತ್ತರದಿಂದಲೇ ಪತ್ತೆ ಮಾಡುವ ದಾರಿಯೂ ಇದೆ. ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಸರ್ಕ್ಯೂಟ್ ಏನು ಮಾಡಬೇಕು

ಒಳಬರುವ ಸಂಖ್ಯೆಯ ಬಿಟ್‌ಗಳು A3, A2, A1, A0. ಎಡತುದಿಯ A3 ಚಿಹ್ನೆಯ ಬಿಟ್. ಅದು 1 ಆಗಿದ್ದರೆ ಸಂಖ್ಯೆ ಋಣ. ಇದನ್ನೇ ಮುಂದೆ S ಎಂದು ಕರೆಯೋಣ. ನಾಲ್ಕು ಬಿಟ್‌ಗಳಲ್ಲಿ -8ರಿಂದ +7ರವರೆಗೆ ಹದಿನಾರು ಸಂಖ್ಯೆಗಳು ಹಿಡಿಯುತ್ತವೆ.

ಚಿಹ್ನೆಯ ಬಿಟ್ ಒಂದನ್ನು ಬಿಟ್ಟು ಉಳಿದ ಮೂರನ್ನು ಹಾಗೇ ಓದಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. -3 ಎಂದರೆ 1101. ಮೊದಲ ಬಿಟ್ ತೆಗೆದರೆ ಉಳಿಯುವುದು 101, ಅಂದರೆ 5. ಟೂಸ್ ಕಾಂಪ್ಲಿಮೆಂಟ್‌ನಲ್ಲಿ ಋಣ ಸಂಖ್ಯೆಯ ಗಾತ್ರ ಬೇಕಾದರೆ ಎಲ್ಲ ಬಿಟ್‌ಗಳನ್ನು ತಿರುಗಿಸಿ 1 ಕೂಡಿಸಲೇಬೇಕು: 1101 ತಿರುಗಿಸಿದರೆ 0010, ಒಂದು ಕೂಡಿಸಿದರೆ 0011, ಅದು 3. ಧನ ಸಂಖ್ಯೆಯನ್ನಾದರೆ ಮುಟ್ಟಲೇಬಾರದು.

ಹಾಗಾಗಿ ಬೇಕಾದದ್ದು ಎರಡು ಕೆಲಸ, ಎರಡೂ ಷರತ್ತಿನ ಮೇಲೆ. S = 1 ಇದ್ದಾಗ ಮಾತ್ರ ತಿರುಗಿಸಬೇಕು, S = 1 ಇದ್ದಾಗ ಮಾತ್ರ 1 ಕೂಡಿಸಬೇಕು.

ತಿರುಗಿಸುವ ಕೆಲಸಕ್ಕೆ ಎಕ್ಸಾರ್ ಗೇಟ್ ಹೇಳಿ ಮಾಡಿಸಿದಂತಿದೆ. ಅದರ ಒಂದು ಕಾಲಿಗೆ 0 ಕೊಟ್ಟರೆ ಇನ್ನೊಂದು ಕಾಲಿಗೆ ಬಂದದ್ದು ಹಾಗೇ ಹೊರಬರುತ್ತದೆ. 1 ಕೊಟ್ಟರೆ ಉಲ್ಟಾ ಆಗಿ ಬರುತ್ತದೆ. ಆ ಒಂದು ಕಾಲಿಗೆ S ಕೊಟ್ಟರೆ ಷರತ್ತು ತಾನಾಗಿಯೇ ಕೂಡಿಕೊಂಡಿತು.

1 ಕೂಡಿಸುವ ಕೆಲಸಕ್ಕೆ ಪೂರ್ತಿ ಆ್ಯಡರ್ ಬೇಕಿಲ್ಲ. ನಾವು ಕೂಡಿಸುವುದು ಇನ್ನೊಂದು ನಾಲ್ಕು ಬಿಟ್ ಸಂಖ್ಯೆಯನ್ನಲ್ಲ, ಬಲತುದಿಯಲ್ಲಿ ಒಂದೇ ಒಂದು ಬಿಟ್ಟನ್ನು. ಪ್ರತಿ ಸ್ಥಾನದಲ್ಲೂ ಕೂಡುವುದು ಎರಡೇ: ಅಲ್ಲಿನ ಬಿಟ್ ಮತ್ತು ಬಲಗಡೆಯಿಂದ ಬಂದ ಕ್ಯಾರಿ. ಎರಡನ್ನು ಕೂಡಿಸಲು ಹಾಫ್ ಆ್ಯಡರ್ ಸಾಕು. ಅದರಲ್ಲಿ ಒಂದು ಎಕ್ಸಾರ್, ಒಂದು ಆ್ಯಂಡ್. ಬಲತುದಿಯ ಹಾಫ್ ಆ್ಯಡರ್‌ಗೆ ಕ್ಯಾರಿಯಾಗಿ S ಅನ್ನೇ ಕೊಟ್ಟರೆ, S = 0 ಇದ್ದಾಗ ಕೂಡುವುದು ಸೊನ್ನೆ, S = 1 ಇದ್ದಾಗ ಒಂದು.

ಸೂತ್ರದಲ್ಲಿ ಬರೆದರೆ ಇಷ್ಟು:

```
S  = A3
X0 = A0 ^ S    X1 = A1 ^ S    X2 = A2 ^ S
Y0 = X0 ^ S    C1 = X0 & S
Y1 = X1 ^ C1   C2 = X1 & C1
Y2 = X2 ^ C2   C3 = X2 & C2
Y3 = C3
```

ಇಲ್ಲಿ `^` ಎಂದರೆ ಎಕ್ಸಾರ್, `&` ಎಂದರೆ ಆ್ಯಂಡ್. ನಾಲ್ಕನೇ ಸ್ಥಾನಕ್ಕೆ ಎಕ್ಸಾರೂ ಇಲ್ಲ, ಹಾಫ್ ಆ್ಯಡರೂ ಇಲ್ಲ ಎಂಬುದನ್ನು ಗಮನಿಸಿ. ಅದು ಬಿಟ್ಟುಹೋದದ್ದಲ್ಲ. A3ಯನ್ನು S ಜೊತೆ ಎಕ್ಸಾರ್ ಮಾಡುವುದೆಂದರೆ ಅದನ್ನು ಅದರ ಜೊತೆಗೇ ಎಕ್ಸಾರ್ ಮಾಡಿದಂತೆ. ಉತ್ತರ ಯಾವಾಗಲೂ 0. ಸೊನ್ನೆಗೆ C3 ಕೂಡಿಸಿದರೆ ಸಿಗುವುದು C3ಯೇ. ಪಠ್ಯದ ಚಿತ್ರಗಳಲ್ಲಿ ನಾಲ್ಕೂ ಸ್ಥಾನಕ್ಕೆ ಗೇಟ್ ಬರೆದಿರುವುದು ಸಾಲು ನೀಟಾಗಿ ಕಾಣಲಿ ಎಂದು ಮಾತ್ರ. ಬೋರ್ಡಿನ ಮೇಲೆ ಅದು ವ್ಯರ್ಥ ತಂತಿ.

ಇದೇ ತರ್ಕದಲ್ಲಿ Y0ಯನ್ನು ನೋಡಿ. A0ಯನ್ನು S ಜೊತೆ ಒಮ್ಮೆ ಎಕ್ಸಾರ್ ಮಾಡಿ, ಬಂದದ್ದನ್ನು ಮತ್ತೆ S ಜೊತೆ ಎಕ್ಸಾರ್ ಮಾಡುತ್ತೇವೆ. ಎರಡು ಸಲ ತಿರುಗಿಸಿದರೆ ಮೊದಲಿನದ್ದೇ ಬರುತ್ತದೆ, ಹಾಗಾಗಿ Y0 ಯಾವಾಗಲೂ A0ಗೆ ಸಮ. ಬೆಸ ಸಂಖ್ಯೆಯ ಗಾತ್ರ ಬೆಸವೇ, ಸಮ ಸಂಖ್ಯೆಯದು ಸಮವೇ. ಆ ಗೇಟನ್ನೂ ಕಿತ್ತುಹಾಕಿ A0ಯಿಂದ ನೇರ ತಂತಿ ಎಳೆಯಬಹುದಿತ್ತು. ಆದರೆ ಅದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು. ಒಂದು ಗೇಟ್ ಉಳಿಸಿದರೂ ಎಕ್ಸಾರ್ ಚಿಪ್ ಎರಡು ಬೇಕೇ ಬೇಕು, ಮಿಕ್ಕ ಗೇಟ್ ಸುಮ್ಮನೆ ಬಿದ್ದಿರುತ್ತದೆ. ಇಟ್ಟುಕೊಂಡರೆ ಅದೊಂದು ಕಾವಲು: ಯಾವ ಸಂಖ್ಯೆ ಕೊಟ್ಟರೂ Y0 ದೀಪ A0 ಸ್ವಿಚ್ಚಿನಂತೆಯೇ ಇರಬೇಕು. ಇಲ್ಲವಾದರೆ ತಪ್ಪು ಬಲತುದಿಯಲ್ಲೇ ಇದೆ ಎಂದು ಕಣ್ಣಿಗೇ ಕಾಣುತ್ತದೆ.

ತರಬೇಕಾದ ಸಾಮಾನು

ಅಂಗಡಿಯಲ್ಲಿ 7486 ಎರಡು ಮತ್ತು 7408 ಒಂದು ಕೇಳಿ. ಮೊದಲನೆಯದರಲ್ಲಿ ನಾಲ್ಕು ಎಕ್ಸಾರ್, ಎರಡನೆಯದರಲ್ಲಿ ನಾಲ್ಕು ಆ್ಯಂಡ್ ಇರುತ್ತವೆ. ಮೂರೂ ಎಚ್‌ಸಿ ಜಾತಿಯವೇ ಇರಲಿ, ಅಂದರೆ 74ರ ನಂತರ ಆ ಎರಡು ಅಕ್ಷರ ಇರಬೇಕು. ಇದರ ಜೊತೆಗೆ 100 ನ್ಯಾನೊ ಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಮೂರು (ಮೇಲೆ 104 ಎಂದು ಬರೆದಿರುತ್ತದೆ), ನಾಲ್ಕು ಸ್ವಿಚ್ಚಿನ ಒಂದು ಡಿಪ್ ಸ್ವಿಚ್, 10 ಕಿಲೋ ಓಮ್ ರೆಸಿಸ್ಟರ್ ನಾಲ್ಕು, 1 ಕಿಲೋ ಓಮ್ ನಾಲ್ಕು, ಕೆಂಪು ಎಲ್‌ಇಡಿ ನಾಲ್ಕು, ಬ್ರೆಡ್‌ಬೋರ್ಡ್, ಸಿಂಗಲ್ ಸ್ಟ್ರ್ಯಾಂಡ್ ವೈರ್ ಮತ್ತು ಒಂದು ಮಲ್ಟಿಮೀಟರ್. 5 ವೋಲ್ಟ್ ಸಪ್ಲೈಗೆ ಹಳೆಯ ಫೋನ್ ಚಾರ್ಜರ್ ಆಗುತ್ತದೆ. ಕೇಬಲ್ ಕತ್ತರಿಸಿ ಬಳಸುವುದಾದರೆ ಕೆಂಪು ಪ್ಲಸ್, ಕಪ್ಪು ಮೈನಸ್ ಎಂದು ನಂಬಿಬಿಡಬೇಡಿ, ಮೀಟರ್ ಹಿಡಿದು ನೋಡಿಯೇ ಕೊಡಿ.

ಎಚ್‌ಸಿ ಎಂದು ಒತ್ತಿ ಹೇಳಲು ಕಾರಣವಿದೆ. ಕಾಲೇಜು ಲ್ಯಾಬಿನ ಡಬ್ಬಿಗಳಲ್ಲಿ ಹೆಚ್ಚಾಗಿ ಸಿಗುವುದು ಎಲ್‌ಎಸ್ ಜಾತಿಯ ಚಿಪ್. ಅದರ ಇನ್‌ಪುಟ್ ಕಾಲನ್ನು ಸೊನ್ನೆಗೆ ಎಳೆದಾಗ ಆ ಕಾಲಿನಿಂದಲೇ ಕರೆಂಟ್ ಹೊರಬರುತ್ತದೆ. 10 ಕಿಲೋ ಓಮ್ ಮೂಲಕ ಗ್ರೌಂಡ್‌ಗೆ ಕಟ್ಟಿದರೆ ಆ ಕರೆಂಟಿನಿಂದ ರೆಸಿಸ್ಟರಿನ ಮೇಲೆ ವೋಲ್ಟೇಜ್ ಏರಿ, ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ. S ಗೆರೆಗಂತೂ ಐದು ಕಾಲುಗಳು ಸೇರುವುದರಿಂದ ತೊಂದರೆ ಇನ್ನೂ ಹೆಚ್ಚು. ಎಚ್‌ಸಿಯ ಇನ್‌ಪುಟ್ ಕಾಲು ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ, 10 ಕಿಲೋ ಧಾರಾಳ ಸಾಕು.

ಅದಕ್ಕಿಂತ ಕಾಡುವುದು ಬೆರಕೆ. 7408 ಎಲ್‌ಎಸ್, 7486 ಎಚ್‌ಸಿ ಹಾಕಿದಿರಿ ಎನ್ನಿ. ಎಲ್‌ಎಸ್ ಚಿಪ್ ಕೊಡುವ 1 ಸುಮಾರು ಮೂರೂವರೆ ವೋಲ್ಟಿಗಿಂತ ಕೆಳಗೇ ನಿಲ್ಲಬಹುದು. 5 ವೋಲ್ಟಿನಲ್ಲಿ ಓಡುವ ಎಚ್‌ಸಿ ಚಿಪ್‌ಗೆ 1 ಎಂದು ಖಾತ್ರಿಯಾಗಲು ಮೂರೂವರೆ ಬೇಕು. ಹಾಗಾಗಿ ಕ್ಯಾರಿ ಒಮ್ಮೆ ಹಿಡಿಯುತ್ತದೆ, ಒಮ್ಮೆ ಹಿಡಿಯುವುದಿಲ್ಲ. ತಂತಿ ಎಲ್ಲ ಸರಿ ಇದ್ದೂ ಉತ್ತರ ಓಲಾಡುತ್ತಿದ್ದರೆ ಮೊದಲು ಚಿಪ್‌ಗಳ ಮೇಲಿನ ಅಕ್ಷರ ಓದಿ.

ಇನ್ನೊಂದು ಎಚ್ಚರ: ಅಂಗಡಿಯಲ್ಲಿ 7486 ಇಲ್ಲವೆಂದು 4070 ಕೊಟ್ಟರೆ, ಅದೂ ನಾಲ್ಕು ಎಕ್ಸಾರ್ ಇರುವ ಚಿಪ್ಪೇ ಹೌದು, ಆದರೆ ಕಾಲುಗಳ ಜೋಡಣೆ ಬೇರೆ. ಕೆಳಗಿನ ಪಿನ್ ಪಟ್ಟಿ ಅದಕ್ಕೆ ಹೊಂದುವುದಿಲ್ಲ.

ಜೋಡಿಸುವುದು

ಮೂರು ಚಿಪ್‌ಗಳನ್ನು ಸಾಲಾಗಿ, ಕಚ್ಚು ಇರುವ ತುದಿ ಎಲ್ಲದರದ್ದೂ ಎಡಕ್ಕೆ ಬರುವಂತೆ ಕೂರಿಸಿ. ಎಡದಿಂದ ಮೊದಲನೆಯದು ತಿರುಗಿಸುವ 7486, ನಡುವಿನದು ಕೂಡಿಸುವ 7486, ಕೊನೆಯದು 7408. ಎಲ್ಲದರ 14ನೇ ಪಿನ್ 5 ವೋಲ್ಟಿಗೆ, 7ನೇ ಪಿನ್ ಗ್ರೌಂಡಿಗೆ. ಪ್ರತಿ ಚಿಪ್‌ಗೂ ಒಂದೊಂದು 104 ಕೆಪಾಸಿಟರನ್ನು ಸಪ್ಲೈ ಮತ್ತು ಗ್ರೌಂಡಿನ ನಡುವೆ, ಚಿಪ್ಪಿಗೆ ಆದಷ್ಟು ಹತ್ತಿರ ಚುಚ್ಚಿ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಸಪ್ಲೈ ಸಾಲು ಹಲವು ಸಲ ನಡುವೆ ತುಂಡಾಗಿರುತ್ತದೆ. ಕೊನೆಯ ಚಿಪ್ಪಿನ 14ನೇ ಪಿನ್ನಿನಲ್ಲಿ 5 ವೋಲ್ಟ್ ನಿಜಕ್ಕೂ ಇದೆಯೇ ಎಂದು ಮೀಟರಿನಲ್ಲಿ ನೋಡಿಕೊಳ್ಳಿ.

ಡಿಪ್ ಸ್ವಿಚ್ಚಿನ ಒಂದು ಬದಿಯ ನಾಲ್ಕೂ ಕಾಲು 5 ವೋಲ್ಟಿಗೆ. ಇನ್ನೊಂದು ಬದಿಯ ಒಂದೊಂದು ಕಾಲಿನಿಂದ 10 ಕಿಲೋ ಓಮ್ ಗ್ರೌಂಡಿಗೆ. ಆ ಕಾಲುಗಳೇ A3ರಿಂದ A0. ಎಡತುದಿಯ ಸ್ವಿಚ್ A3 ಆಗಿರಲಿ, ಎಲ್‌ಇಡಿಗಳ ಸಾಲಿನಲ್ಲೂ ಎಡತುದಿಯದು Y3 ಆಗಿರಲಿ. 0001 ಇಟ್ಟಾಗ 1000 ಕಂಡರೆ ಸರ್ಕ್ಯೂಟ್ ಸರಿಯೇ ಇದ್ದು ನಿಮ್ಮ ಸಾಲು ಎಲ್ಲೋ ಉಲ್ಟಾ ಆಗಿದೆ ಎಂದರ್ಥ.

ಈಗ ಪಿನ್‌ಗಳು:

```
      7486 (1)    7486 (2)    7408
 1    A0          X0          X0
 2    S           S           S
 3    -> X0       -> Y0       -> C1
 4    A1          X1          X1
 5    S           C1          C1
 6    -> X1       -> Y1       -> C2
 9    A2          X2          X2
10    S           C2          C2
 8    -> X2       -> Y2       -> Y3
12    GND         GND         GND
13    GND         GND         GND
11    --          --          --
```

ಎರಡನೇ ಮತ್ತು ಮೂರನೇ ಚಿಪ್ಪಿನ ಇನ್‌ಪುಟ್ ಕಾಲುಗಳನ್ನು ಹೋಲಿಸಿ ನೋಡಿ, ಸಂಖ್ಯೆ ಸಂಖ್ಯೆಗೂ ಒಂದೇ. ಹಾಫ್ ಆ್ಯಡರ್ ಎಂದರೆ ಒಂದೇ ಜೋಡಿ ಸಂಕೇತಗಳು ಎಕ್ಸಾರ್‌ಗೂ ಆ್ಯಂಡ್‌ಗೂ ಹೋಗುವುದು; 7486 ಮತ್ತು 7408ರ ಕಾಲುಗಳ ಜೋಡಣೆ ಒಂದೇ ಆಗಿರುವುದರಿಂದ ಅದು ಬೋರ್ಡಿನ ಮೇಲೂ ಹಾಗೇ ಕಾಣುತ್ತದೆ. 1ಕ್ಕೆ 1, 2ಕ್ಕೆ 2, 4ಕ್ಕೆ 4 ಎಂದು ಆರು ತಂತಿಗಳನ್ನು ನೇರವಾಗಿ ಎಳೆದುಬಿಡಿ. ಆಮೇಲೆ 7408ರ 3ನೇ ಪಿನ್ನಿನಿಂದ ಅದರದ್ದೇ 5ಕ್ಕೆ, 6ರಿಂದ 10ಕ್ಕೆ ಎರಡು ಚಿಕ್ಕ ತಂತಿ ಹಾಕಿದರೆ ಕ್ಯಾರಿಯ ಸರಪಳಿ ಮುಗಿಯಿತು.

ಹೆಚ್ಚು ಜನ ಎಡವುವುದು ಮೂರನೇ ಗೇಟಿನಲ್ಲಿ. ಕೆಳಸಾಲಿನಲ್ಲಿ 1, 2 ಒಳಗೆ, 3 ಹೊರಗೆ ಎಂದು ರೂಢಿಯಾದ ಕೈ, ಮೇಲ್ಸಾಲಿನಲ್ಲಿ 8, 9 ಒಳಗೆ, 10 ಹೊರಗೆ ಎಂದು ಚುಚ್ಚಿಬಿಡುತ್ತದೆ. ಹೊರಬರುವ ಕಾಲು 8. ತಪ್ಪಿ ಚುಚ್ಚಿದರೆ ಎರಡು ಔಟ್‌ಪುಟ್‌ಗಳು ಒಂದೇ ತಂತಿಯಲ್ಲಿ ಗುದ್ದಾಡುತ್ತವೆ. ಒಂದು 5 ವೋಲ್ಟಿಗೆ, ಇನ್ನೊಂದು ಸೊನ್ನೆಗೆ ಎಳೆದಾಗ ಆ ತಂತಿಯಲ್ಲಿ ಮೀಟರ್ ಎರಡು ಎರಡೂವರೆ ವೋಲ್ಟ್ ತೋರಿಸುತ್ತದೆ, ಚಿಪ್ ಬೆಚ್ಚಗಾಗುತ್ತದೆ. ಎಚ್‌ಸಿಯಲ್ಲಿ 1 ಎಂದರೆ 5ರ ಹತ್ತಿರ, 0 ಎಂದರೆ ಸೊನ್ನೆಯ ಹತ್ತಿರ. ನಡುವಿನ ವೋಲ್ಟೇಜ್ ಕಂಡ ಕೂಡಲೇ ಸಪ್ಲೈ ತೆಗೆಯಿರಿ.

ಬಳಸದ ಗೇಟುಗಳ 12, 13ನೇ ಕಾಲುಗಳನ್ನು ಗ್ರೌಂಡಿಗೆ ಕಟ್ಟುವುದು ಮರೆಯಬೇಡಿ. ಎಚ್‌ಸಿ ಚಿಪ್ಪಿನ ತೇಲುವ ಇನ್‌ಪುಟ್ ಸುತ್ತಲಿನ ಸದ್ದನ್ನೆಲ್ಲ ಹಿಡಿದುಕೊಂಡು ಕುಣಿಯುತ್ತದೆ, ಸುಮ್ಮನೆ ಕರೆಂಟ್ ತಿನ್ನುತ್ತದೆ. ಬಳಸದ ಔಟ್‌ಪುಟ್ 11ನೇ ಕಾಲನ್ನು ಮಾತ್ರ ಎಲ್ಲಿಗೂ ಕಟ್ಟದೆ ಖಾಲಿ ಬಿಡಿ.

ಎಲ್‌ಇಡಿಗಳನ್ನು Y3, Y2, Y1, Y0ಗಳಿಂದ 1 ಕಿಲೋ ಓಮ್ ಮೂಲಕ ಗ್ರೌಂಡಿಗೆ ಹಾಕಿ. ಕೆಂಪು ಎಲ್‌ಇಡಿಗೆ ಮೂರು ಮಿಲಿ ಆಂಪಿಯರ್ ಆಸುಪಾಸು ಸಿಗುತ್ತದೆ, ಬೆಳಕು ಕಾಣಲು ಅಷ್ಟು ಸಾಕು.

ಒಂದೊಂದೇ ಹಂತ ಪರೀಕ್ಷಿಸಿ

ಎಲ್ಲ ಕಟ್ಟಿ ಕೊನೆಗೆ ಸ್ವಿಚ್ ಹಾಕುವುದಕ್ಕಿಂತ, ಮೊದಲ ಚಿಪ್ ಕಟ್ಟಿದೊಡನೆ ಎಲ್‌ಇಡಿಗಳನ್ನು ತಾತ್ಕಾಲಿಕವಾಗಿ X2, X1, X0ಗೆ ಸಿಕ್ಕಿಸಿ ನೋಡಿ. 0101 ಇಟ್ಟರೆ 101 ಕಾಣಬೇಕು. A3 ಒಂದನ್ನೇ ಮೇಲೆ ಮಾಡಿ 1101 ಮಾಡಿದರೆ ಮೂರೂ ದೀಪ ಉಲ್ಟಾ ಆಗಿ 010 ಆಗಬೇಕು. ಇಷ್ಟಾದರೆ ತಿರುಗಿಸುವ ಭಾಗ ಸರಿ. ಆಮೇಲೆ ಎಲ್‌ಇಡಿಗಳನ್ನು Yಗಳಿಗೆ ಒಯ್ದು ಮುಂದಿನ ಎರಡು ಚಿಪ್ ಕಟ್ಟಿ.

ಪೂರ್ತಿ ಕಟ್ಟಿದ ಮೇಲೆ -4 ಇಟ್ಟು ಒಂದೊಂದೇ ಕಾಲನ್ನು ಮೀಟರಿನಲ್ಲಿ ಹಿಂಬಾಲಿಸಿ. ಬೇರೆ ಸಂಖ್ಯೆ ಯಾಕಲ್ಲ ಎಂದರೆ, -4ರಲ್ಲಿ ಕ್ಯಾರಿ ಎರಡು ಸ್ಥಾನ ದಾಟಿ ಮೂರನೆಯದರಲ್ಲಿ ನಿಲ್ಲುತ್ತದೆ. ಓಡುವುದನ್ನೂ ನಿಲ್ಲುವುದನ್ನೂ ಒಟ್ಟಿಗೇ ನೋಡಬಹುದು.

-4 ಎಂದರೆ 1100. S = 1. ಮೊದಲ ಚಿಪ್ಪಿನಿಂದ X2 = 0, X1 = 1, X0 = 1 ಹೊರಬರುತ್ತದೆ; ಸದ್ಯಕ್ಕೆ ಅದು 3. ಬಲತುದಿಯ ಹಾಫ್ ಆ್ಯಡರ್‌ಗೆ X0 = 1, S = 1 ಬಂತು. ಎಕ್ಸಾರ್ 0 ಕೊಡುತ್ತದೆ, ಅದು Y0. ಆ್ಯಂಡ್ 1 ಕೊಡುತ್ತದೆ, ಅದು C1. 7408ರ 3ನೇ ಪಿನ್ನಿನಲ್ಲಿ 5ರ ಹತ್ತಿರ ಇರಬೇಕು. ಮುಂದಿನದಕ್ಕೆ X1 = 1, C1 = 1: ಮತ್ತೆ Y1 = 0, C2 = 1, ಅಂದರೆ 6ನೇ ಪಿನ್ನಿನಲ್ಲೂ 5ರ ಹತ್ತಿರ. ಮೂರನೆಯದಕ್ಕೆ X2 = 0, C2 = 1: Y2 = 1, ಆದರೆ ಆ್ಯಂಡ್‌ನ ಒಂದು ಕಾಲು ಸೊನ್ನೆಯಾದ್ದರಿಂದ C3 = 0. 8ನೇ ಪಿನ್ನಿನಲ್ಲಿ ಸೊನ್ನೆ. ದೀಪಗಳು 0100, ಅಂದರೆ 4.

ಕ್ಯಾರಿ ಬಲದಿಂದ ಹೊರಟು, 1 ಇರುವಲ್ಲೆಲ್ಲ ಅದನ್ನು 0 ಮಾಡುತ್ತಾ ಬಂದು, ಮೊದಲ ಸೊನ್ನೆಯನ್ನು 1 ಮಾಡಿ ಅಲ್ಲಿಗೆ ನಿಲ್ಲುತ್ತದೆ. 1 ಕೂಡಿಸುವುದೆಂದರೆ ಇಷ್ಟೇ.

ಹದಿನಾರೂ ಸಂಖ್ಯೆ ಹಾಕಿ ನೋಡಲು ಕೆಲವೇ ನಿಮಿಷ ಸಾಕು, ಬಿಡದೆ ನೋಡಿ. ಸಮಯ ತೀರಾ ಕಡಿಮೆಯಿದ್ದರೆ ಕನಿಷ್ಠ ಈ ಆರು: 0000, 0111, 1111, 1110, 1100, 1000. ಕ್ರಮವಾಗಿ 0, 7, 1, 2, 4, 8 ಬರಬೇಕು. ಮೊದಲ ಎರಡು ಧನ ಸಂಖ್ಯೆ ಅಲುಗದೆ ಉಳಿಯುತ್ತದೆಯೇ ಎಂದು ತಿಳಿಸುತ್ತವೆ. ಉಳಿದ ನಾಲ್ಕರಲ್ಲಿ ಕ್ಯಾರಿ ಒಂದೊಂದು ಸ್ಥಾನ ಹೆಚ್ಚು ದೂರ ಓಡುತ್ತದೆ.

ಎಷ್ಟು ತಪ್ಪಿತು ಎಂಬುದೇ ಸುಳಿವು

ಈ ಸರ್ಕ್ಯೂಟಿನ ಒಂದು ಗುಣ ಬಹಳ ಉಪಯೋಗಕ್ಕೆ ಬರುತ್ತದೆ. ಯಾವ ಸ್ಥಾನದ ತಂತಿ ಹೋಗಿದೆಯೋ ಆ ಸ್ಥಾನದ ಬೆಲೆಯಷ್ಟೇ ಉತ್ತರ ತಪ್ಪುತ್ತದೆ. ಹಾಗಾಗಿ ಚಿತ್ರ ಹಿಡಿದು ಎಲ್ಲ ತಂತಿಗಳನ್ನೂ ತಡಕುವ ಮೊದಲು, ಋಣ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ, ಬರಬೇಕಾದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳಿ.

ಎಲ್ಲ ಋಣ ಸಂಖ್ಯೆಗಳೂ ಒಂದೊಂದು ಕಡಿಮೆ ಬರುತ್ತಿವೆ ಎನ್ನಿ: -3ಕ್ಕೆ 2, -1ಕ್ಕೆ 0, -8ಕ್ಕೆ 7. ತಿರುಗಿಸಿದ್ದು ಸರಿಯಾಗಿದೆ, 1 ಕೂಡಲಿಲ್ಲ. ಎರಡನೇ ಮತ್ತು ಮೂರನೇ ಚಿಪ್ಪಿನ 2ನೇ ಪಿನ್ನಿಗೆ S ತಲುಪುತ್ತಿಲ್ಲ. ಆಗ Y0 ಕೂಡ A0ಗೆ ಉಲ್ಟಾ ಇರುತ್ತದೆ, ನಮ್ಮ ಕಾವಲುಗಾರ ಕೂಗಿ ಹೇಳುತ್ತಾನೆ.

ಬೆಸ ಋಣ ಸಂಖ್ಯೆಗಳೆಲ್ಲ ಸರಿ, ಸಮ ಋಣ ಸಂಖ್ಯೆಗಳು ಮಾತ್ರ ಎರಡೆರಡು ಕಡಿಮೆ: -2ಕ್ಕೆ 0, -4ಕ್ಕೆ 2, -6ಕ್ಕೆ 4, -8ಕ್ಕೆ 6. ಇದು C1. ಬೆಸ ಸಂಖ್ಯೆಯಲ್ಲಿ ತಿರುಗಿಸಿದ X0 ಸೊನ್ನೆಯಾಗಿರುವುದರಿಂದ ಕ್ಯಾರಿ ಅಲ್ಲೇ ನಿಂತುಬಿಡುತ್ತದೆ, C1 ಕೆಟ್ಟಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹೀಗಾಗಿಯೇ -1, -3, -5 ಮಾತ್ರ ಹಾಕಿ ನೋಡಿ ಸರಿಯಾಯಿತು ಎಂದು ಏಳುವುದು ಅಪಾಯ.

-4ಕ್ಕೆ 0, -8ಕ್ಕೆ 4, ಉಳಿದದ್ದೆಲ್ಲ ಸರಿ ಎಂದರೆ ನಾಲ್ಕು ಕಡಿಮೆ, ಅದು C2. -8ಕ್ಕೆ ಮಾತ್ರ 0 ಬಂದರೆ ಎಂಟು ಕಡಿಮೆ, C3.

ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಿದ್ದರೆ ಕಥೆ ಬೇರೆ. ಎಲ್ಲ ಋಣ ಸಂಖ್ಯೆಗಳೂ ಎರಡರಷ್ಟು ತಪ್ಪುತ್ತಿವೆ, ಆದರೆ -1ಕ್ಕೆ 3, -2ಕ್ಕೆ 4, -3ಕ್ಕೆ 1, -4ಕ್ಕೆ 2 ಹೀಗೆ ಅತ್ತಿತ್ತ ಆಗುತ್ತಿವೆ ಎನ್ನಿ. ಆಗ ತಪ್ಪು ಕ್ಯಾರಿಯಲ್ಲಿಲ್ಲ, ಮೊದಲ ಚಿಪ್ಪಿನಲ್ಲಿದೆ: X1 ಗೇಟಿನ 5ನೇ ಪಿನ್ನಿಗೆ S ಬರುತ್ತಿಲ್ಲ, ಆ ಬಿಟ್ ತಿರುಗುತ್ತಿಲ್ಲ. ಒಂದರಷ್ಟು ಅತ್ತಿತ್ತ ಆದರೆ X0, ನಾಲ್ಕರಷ್ಟಾದರೆ X2.

ಸಮ ಸಂಖ್ಯೆಗಳು ಮಾತ್ರ ಎರಡರಷ್ಟು ಅತ್ತಿತ್ತ ಆಗುತ್ತಿದ್ದರೆ, ಉದಾಹರಣೆಗೆ -2ಕ್ಕೆ 0 ಆದರೆ -4ಕ್ಕೆ 6, C1 ಎರಡು ಕಡೆ ಕವಲೊಡೆಯುವಲ್ಲಿ ಒಂದು ಕವಲು ಮಾತ್ರ ಹೋಗಿದೆ. 7408ರ 5ನೇ ಕಾಲಿಗೆ ಬಂದಿದೆ, ನಡುವಿನ 7486ರ 5ನೇ ಕಾಲಿಗೆ ಬಂದಿಲ್ಲ.

ಧನ ಸಂಖ್ಯೆಗಳೇ ಒಂದು ಹೆಚ್ಚು ಬಂದು, 0ಕ್ಕೆ 1, 5ಕ್ಕೆ 6 ಆಗಿ, ಋಣ ಸಂಖ್ಯೆಗಳು ಸರಿ ಬರುತ್ತಿದ್ದರೆ ಕ್ಯಾರಿಯ ಜಾಗಕ್ಕೆ S ಬದಲು 5 ವೋಲ್ಟ್ ಹೋಗಿದೆ. ‘1 ಕೂಡಿಸಬೇಕು’ ಎಂಬುದನ್ನು ಷರತ್ತಿಲ್ಲದೆ ಓದಿಕೊಂಡಾಗ ಹೀಗಾಗುತ್ತದೆ.

ಈ ಲೆಕ್ಕವೆಲ್ಲ ಕಡಿದ ತಂತಿ ಸೊನ್ನೆಯಂತೆ ವರ್ತಿಸುತ್ತದೆ ಎಂಬ ಮೇಲೆ ನಿಂತಿದೆ. ಎಚ್‌ಸಿಯಲ್ಲಿ ತೇಲುವ ಕಾಲು ಸೊನ್ನೆಯೂ ಆಗಬಹುದು, ಒಂದೂ ಆಗಬಹುದು. ಕೈ ಹತ್ತಿರ ತಂದರೆ ದೀಪ ಬದಲಾಗುವುದು, ಮೀಟರಿನ ಪ್ರೋಬ್ ಇಟ್ಟಾಗ ಸರಿಯಾಗಿ ತೆಗೆದಾಗ ಕೆಡುವುದು, ಇವು ತೇಲುವ ಕಾಲಿನ ಖಚಿತ ಲಕ್ಷಣ. ಆಗ ಒಂದು 10 ಕಿಲೋ ಓಮ್ ರೆಸಿಸ್ಟರಿನ ಒಂದು ತುದಿ ಗ್ರೌಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅನುಮಾನ ಇರುವ ಇನ್‌ಪುಟ್ ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿ. ತಂತಿ ಸರಿಯಿದ್ದರೆ ಏನೂ ಆಗುವುದಿಲ್ಲ, ಗೇಟ್ ಅದನ್ನು ಸುಲಭವಾಗಿ ಎದುರಿಸುತ್ತದೆ. ತಂತಿ ಹೋಗಿದ್ದರೆ ಕುಣಿತ ನಿಂತು ಮೇಲಿನ ಲಕ್ಷಣಗಳಲ್ಲಿ ಒಂದು ಸ್ಪಷ್ಟವಾಗಿ ಕಾಣುತ್ತದೆ. ಸ್ವಿಚ್ಚಿನಿಂದ ನೇರ ಬರುವ ಗೆರೆಗಳಲ್ಲೂ ಇದೇ ಪರೀಕ್ಷೆ ನಡೆಯುತ್ತದೆ.

ನಮ್ಮ ಕರಾವಳಿಯಲ್ಲಿ ಈ ದೋಷ ಸ್ವಲ್ಪ ಜಾಸ್ತಿಯೇ. ಮಳೆಗಾಲದ ತೇವ ಮತ್ತು ಸಮುದ್ರದ ಉಪ್ಪು ಗಾಳಿಗೆ ಚಿಪ್ಪಿನ ಕಾಲುಗಳು ಕಪ್ಪಾಗುತ್ತವೆ, ಬ್ರೆಡ್‌ಬೋರ್ಡಿನ ಒಳಗಿನ ಕ್ಲಿಪ್‌ಗಳ ಹಿಡಿತ ಕೆಡುತ್ತದೆ. ಕಾಲುಗಳು ಮಂಕಾಗಿ ಕಂಡರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿ. ಬೋರ್ಡ್ ಮತ್ತು ಚಿಪ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮುಂದಿನ ಮಳೆಗಾಲಕ್ಕೂ ಬರುತ್ತವೆ.

-8ರ ವಿಷಯ

-8 ಹಾಕಿದಾಗ ದೀಪ 1000 ತೋರಿಸುತ್ತದೆ. ಒಳಗೆ ಹೋದದ್ದೂ 1000, ಹೊರಗೆ ಬಂದದ್ದೂ 1000. ಇದನ್ನು ನೋಡಿ ಸರ್ಕ್ಯೂಟ್ ಏನೂ ಮಾಡಲಿಲ್ಲ ಎಂದುಕೊಂಡು ತಂತಿ ಕಿತ್ತು ಮತ್ತೆ ಕಟ್ಟುವವರಿದ್ದಾರೆ. ಒಳಗೆ ನಡೆದದ್ದನ್ನು ನೋಡಿದರೆ ಕೆಲಸ ಪೂರ್ತಿ ಆಗಿದೆ: ತಿರುಗಿಸಿ 0111 ಆಯಿತು, 1 ಕೂಡಿದಾಗ ಕ್ಯಾರಿ ಮೂರೂ ಸ್ಥಾನ ದಾಟಿ ನಾಲ್ಕನೆಯದಕ್ಕೆ ಬಂತು.

ಉತ್ತರ ಸರಿಯೋ ತಪ್ಪೋ ಎಂಬುದು ಅದನ್ನು ಓದುವವರ ಮೇಲಿದೆ. ಚಿಹ್ನೆಯಿಲ್ಲದ ಸಂಖ್ಯೆ ಎಂದು ಓದಿದರೆ 1000 ಎಂದರೆ 8, ಸರಿಯಾದ ಉತ್ತರ. ಮುಂದಿನ ಸರ್ಕ್ಯೂಟ್ ಅದನ್ನು ಮತ್ತೆ ಟೂಸ್ ಕಾಂಪ್ಲಿಮೆಂಟ್ ಎಂದು ಓದಿದರೆ ಅದು -8, ನಿರಪೇಕ್ಷ ಮೌಲ್ಯವೇ ಋಣವಾದಂತೆ. ಚಿಹ್ನೆ ಸಹಿತ ನಾಲ್ಕು ಬಿಟ್‌ನಲ್ಲಿ +8ಕ್ಕೆ ಜಾಗವೇ ಇಲ್ಲ. ಗೇಟು ಬದಲಿಸಿದರೂ ಅದು ಬರುವುದಿಲ್ಲ. ಉಳಿದ ಹದಿನೈದು ಸಂಖ್ಯೆಗಳಿಗೆ Y3 ಯಾವಾಗಲೂ 0 ಇರುವುದರಿಂದ, Y3 ದೀಪವನ್ನೇ ‘ಹಿಡಿಯಲಿಲ್ಲ’ ಎಂಬ ಎಚ್ಚರಿಕೆಯಾಗಿ ಓದಬಹುದು.

ಮುಂದಿನ ಹಂತ ಚಿಹ್ನೆ ಸಹಿತವೇ ಓದುವುದಾದರೆ, -8 ಬಂದಾಗ ಉತ್ತರವನ್ನು 7ಕ್ಕೆ ತಡೆದು ನಿಲ್ಲಿಸುವುದು ಅನುಕೂಲ. ನೀರಿನ ಮಟ್ಟದಂಥ ಅಳತೆಯಲ್ಲಿ 8ರ ಬದಲು 7 ಎಂದರೆ ಒಂದು ಗೀಟಿನ ವ್ಯತ್ಯಾಸ ಅಷ್ಟೆ, ಆದರೆ -8 ಎಂದು ಓದಿದರೆ ಹದಿನಾರು ಗೀಟಿನ ವ್ಯತ್ಯಾಸ. ಇದಕ್ಕೆ ಇನ್ನೊಂದು ಚಿಪ್ ಸಾಕು: ನಾಲ್ಕು ಆರ್ ಗೇಟ್ ಇರುವ 7432, ಎಚ್‌ಸಿಯದ್ದೇ. ಅದರ ಕಾಲುಗಳೂ 7408ರಂತೆಯೇ ಇವೆ.

```
Z0 = Y0 | Y3    (1, 2 -> 3)
Z1 = Y1 | Y3    (4, 5 -> 6)
Z2 = Y2 | Y3    (9, 10 -> 8)
Z3 = 0
```

12, 13ನೇ ಕಾಲುಗಳನ್ನು ಇಲ್ಲೂ ಗ್ರೌಂಡಿಗೆ ಕಟ್ಟಿ. Z3 ಎಂದರೆ ಗ್ರೌಂಡಿನಿಂದ ಒಂದು ತಂತಿ ಅಷ್ಟೆ. Y3 ದೀಪ ತೆಗೆಯಬೇಡಿ; 1000 ಇಟ್ಟಾಗ Z ಸಾಲಿನಲ್ಲಿ 0111 ಬಂದು, Y3 ಹೊತ್ತಿರಬೇಕು. 1001 ಇಟ್ಟಾಗಲೂ Z 0111 ಆಗಿಯೇ ಇರುತ್ತದೆ, ಆದರೆ ಆಗ Y3 ಆರಿರಬೇಕು, ಏಕೆಂದರೆ ಅದು ನಿಜವಾದ 7.